‘ಏನೂ ಕೇಳ್ಬೇಡ, ಮಾಡಿ ಕಳ್ಸು’ ಅಂದವರ ಕೆಲಸ ಮಾಡುವುದು ಹೇಗೆ: ಒಂದು ಬಟವಾಡೆ ಲೆಕ್ಕ ಇಟ್ಟುಕೊಂಡು

ಫೆಬ್ರವರಿ ತಿಂಗಳ ಒಂದು ಶನಿವಾರ, ಸಂಜೆ ಏಳೂವರೆ. ಮೂಡಿಗೆರೆಯಲ್ಲಿ ನನ್ನ ಕಂಪ್ಯೂಟರ್ ಅಂಗಡಿಯ ಶಟರ್ ಅರ್ಧ ಎಳೆದಿದ್ದೆ. ವಾಟ್ಸ್ಆ್ಯಪ್‌ನಲ್ಲಿ ಒಂದರ ಹಿಂದೆ ಒಂದು ಆರು ಫೋಟೊ ಬಂದವು. ಎಲ್ಲವೂ ಒಂದು ಕಾಫಿ ತೋಟದ ಚೆಕ್‌ರೋಲ್ ಪುಸ್ತಕದ ಹಾಳೆಗಳು. ಸೋಮವಾರದಿಂದ ಶನಿವಾರದವರೆಗೆ ಯಾರು ಎಷ್ಟು ಕೆಜಿ ರೊಬಸ್ಟಾ ಹಣ್ಣು ಕುಯ್ದರು ಅನ್ನುವ ಲೆಕ್ಕ. ಕೊನೆಗೆ ತೋಟದ ಮಾಲೀಕರ ಒಂದು ವಾಯ್ಸ್ ಮೆಸೇಜ್: ‘ನಾಳೆ ಬೆಳಿಗ್ಗೆ ಬಟವಾಡೆ ಮಾರಾಯ. ಯಾರಿಗೆ ಎಷ್ಟು ಅಂತ ಮಾಡಿ ಕಳ್ಸು. ಅದೇನು ಇದೇನು ಅಂತ ಏನೂ ಕೇಳ್ಬೇಡ, ನಾನು ತೋಟಕ್ಕೆ ಹೊರಟೆ.’

ತೋಟ ಇರುವುದು ಕೊಟ್ಟಿಗೆಹಾರದ ಕಡೆ. ಅಲ್ಲಿ ಅವರಿಗೆ ಸಿಗ್ನಲ್ ಸಿಗುವುದು ಬೆಳಿಗ್ಗೆ ಗೇಟಿನ ಹತ್ತಿರ ಬಂದಾಗ ಮಾತ್ರ. ಅಂದರೆ ಕೇಳಬೇಡ ಅನ್ನದೇ ಇದ್ದಿದ್ದರೂ ಕೇಳುವ ದಾರಿ ಇರಲಿಲ್ಲ.

ಇಂಥ ಕೆಲಸವನ್ನು ನಾನು ಎರಡು ಥರ ಕೆಡಿಸಿದ್ದೇನೆ. ಮೊದಲ ಸಲ, ಬೇರೆ ತೋಟದ್ದು, ಏಳು ಪ್ರಶ್ನೆ ಬರೆದು ಕಳಿಸಿ ಉತ್ತರಕ್ಕೆ ಕಾದು ಕೂತೆ. ಉತ್ತರ ಬಂದದ್ದು ಮಾರನೇ ದಿನ ಹನ್ನೊಂದು ಗಂಟೆಗೆ. ಅಷ್ಟು ಹೊತ್ತು ಆಳುಗಳು ಕಾಫಿ ಕಣದ ಅಂಚಿನಲ್ಲಿ ಸಾಲಾಗಿ ಕೂತಿದ್ದರಂತೆ, ಸಂತೆಗೆ ಹೋಗಬೇಕಾದವರು. ಎರಡನೇ ಸಲ ಬುದ್ಧಿ ಬಂತು ಅಂದುಕೊಂಡು ಏನೂ ಕೇಳದೆ ಮಾಡಿ ಕಳಿಸಿದೆ. ತೂಕದಲ್ಲಿ ಚೀಲದ್ದೂ ಸೇರಿರುತ್ತೆ ಅಂತ ನಾನೇ ತೀರ್ಮಾನ ಮಾಡಿ ಚೀಲಕ್ಕೆ ಒಂದು ಕೆಜಿ ಕಳೆದಿದ್ದೆ. ಅದನ್ನು ಎಲ್ಲೂ ಬರೆಯಲಿಲ್ಲ. ಬಟವಾಡೆ ದಿನ ಒಬ್ಬ ಹೆಂಗಸು ‘ನನ್ನ ಲೆಕ್ಕದಲ್ಲಿ ಆರು ಕೆಜಿ ಕಮ್ಮಿ ಇದೆ’ ಅಂದಳು. ಆಮೇಲೆ ಎಲ್ಲರೂ ಅದನ್ನೇ ಹೇಳಿದರು. ಅಲ್ಲಿ ಲೆಕ್ಕ ಬರೆಯುವ ರೈಟರು ತೂಗುವಾಗಲೇ ಚೀಲದ ತೂಕ ಬಿಟ್ಟು ಬರೆಯುತ್ತಿದ್ದರು. ಮಾಲೀಕರಿಗೆ ಕಾರಣ ಗೊತ್ತಿಲ್ಲ, ಕಾಗದದಲ್ಲೂ ಇಲ್ಲ. ಕದ್ದವರು ಅನ್ನುವ ಹೆಸರು ಮಾಲೀಕರಿಗೆ ಬಂತು.

ಈಗ ಮಾಡುವುದು ಮೂರನೇ ಥರ. ಕೇಳುವುದಿಲ್ಲ, ನಿಲ್ಲುವುದೂ ಇಲ್ಲ. ಎಲ್ಲೆಲ್ಲಿ ಏನೇನು ಅಂದುಕೊಂಡು ಮಾಡಿದೆ ಅನ್ನುವುದನ್ನು ಲೆಕ್ಕದ ತಲೆಯ ಮೇಲೇ ಬರೆದು ಕಳಿಸುತ್ತೇನೆ. ಆ ಶನಿವಾರದ ಲೆಕ್ಕವನ್ನೇ ಇಟ್ಟುಕೊಂಡು ಅದನ್ನು ಹೇಗೆ ಮಾಡುವುದು ಅಂತ ತೋರಿಸುತ್ತೇನೆ. ಮದುವೆ ಕಾರ್ಡಿನ ಡಿಟಿಪಿ ಮಾಡುವವರಿಗೂ ಮನೆ ಪ್ಲಾನ್ ಬರೆಯುವವರಿಗೂ ಇದೇ ಜನ ಸಿಗುತ್ತಾರೆ, ಆದರೆ ದುಡ್ಡಿನ ಲೆಕ್ಕದಲ್ಲಿ ತಪ್ಪು ಬೇಗ ಎದ್ದು ಕಾಣುತ್ತದೆ.

ಮೊದಲು ಹುಡುಕಿ, ಆಮೇಲೆ ಅಂದುಕೊಳ್ಳಿ

ಫೋಟೊ ನೋಡಿದ ಕೂಡಲೇ ನನಗೆ ಎಂಟು ಪ್ರಶ್ನೆ ಹುಟ್ಟಿದವು. ಅವನ್ನು ಒಂದು ಹಾಳೆಯಲ್ಲಿ ಗೀಚಿಕೊಂಡೆ, ಕಳಿಸುವುದಕ್ಕಲ್ಲ, ನನಗೇ. ಇದಾದ ಮೇಲೆ ಅರ್ಧ ಗಂಟೆ ಒಂದೇ ಕೆಲಸ: ಇವುಗಳಲ್ಲಿ ಎಷ್ಟಕ್ಕೆ ಉತ್ತರ ನನ್ನ ಕೈಯಲ್ಲೇ ಇದೆ ಅಂತ ನೋಡುವುದು. ಬೇಗ ಮುಗಿಸಬೇಕು ಅಂತ ಈ ಅರ್ಧ ಗಂಟೆಯನ್ನು ಹಾರಿಸಿದರೆ ಪಟ್ಟಿ ಉದ್ದ ಆಗುತ್ತದೆ, ಉದ್ದ ಪಟ್ಟಿಯನ್ನು ಯಾರೂ ಓದಲ್ಲ.

ಗುರುವಾರದ ಹಾಳೆಯಲ್ಲಿ ಒಂದು ತೂಕ 61 ಅಂತಲೂ ಓದಬಹುದು, 67 ಅಂತಲೂ ಓದಬಹುದು. ರೈಟರ ಕೈಬರಹ, ಮೇಲೆ ಹಣ್ಣಿನ ಕಲೆ. ಆದರೆ ಹಾಳೆಯ ಕೆಳಗೆ ಅವರೇ ದಿನದ ಮೊತ್ತ ಹಾಕಿದ್ದರು: 1,046. ನಾನು 61 ಹಾಕಿ ಕೂಡಿದರೆ 1,040 ಬಂತು. 67 ಹಾಕಿದರೆ ಸರಿಯಾಗಿ 1,046. ಮುಗೀತು. ಇದು ಅಂದುಕೊಂಡಿದ್ದು ಅಲ್ಲ, ಸಿಕ್ಕ ಉತ್ತರ. ಪಟ್ಟಿಗೆ ಹೋಗುವ ಹಾಗಿಲ್ಲ.

ಲಕ್ಷ್ಮಿ ಅನ್ನುವ ಹೆಸರು ಎರಡು ಕಡೆ ಇತ್ತು. ಒಬ್ಬರದೇ ಎರಡು ಸಲದ ತೂಕವೋ, ಇಬ್ಬರೋ? ಒಂದೇ ದಿನ ಎರಡೂ ಸಾಲಿನಲ್ಲಿ ಬೇರೆ ಬೇರೆ ತೂಕ ಇದ್ದರೆ ಇಬ್ಬರು ಅನ್ನಬಹುದು, ಆದರೆ ಅಷ್ಟೇ ನಂಬುವ ಹಾಗಿಲ್ಲ. ಬೆಳಿಗ್ಗೆ ಒಂದು ಚೀಲ, ಸಂಜೆ ಒಂದು ಚೀಲ ತೂಗುವ ತೋಟಗಳಿವೆ. ಹಿಂದಿನ ವಾರದ ಶೀಟ್ ತೆಗೆದು ನೋಡಿದೆ. ಅಲ್ಲಿ ‘ಲಕ್ಷ್ಮಿ’ ಮತ್ತು ‘ಲಕ್ಷ್ಮಿ ದೊ’ ಅಂತ ಎರಡು ಸಾಲು, ಎರಡಕ್ಕೂ ಬೇರೆ ಸಹಿ. ಇದೂ ಪಟ್ಟಿಯಿಂದ ಹೊರಗೆ.

ಮುಂಗಡದ ಕಾಲಂ ಸ್ವಲ್ಪ ಹೊತ್ತು ತಿಂದಿತು. ಮೂರು ಹೆಸರಿನ ಮುಂದೆ 3,000, 1,500, 2,000 ಅಂತ ಇತ್ತು. ಇದು ಈ ವಾರ ಹಿಡಿಯಬೇಕಾದ ದುಡ್ಡೋ, ಇನ್ನೂ ಬಾಕಿ ಇರುವ ದುಡ್ಡೋ? ಮೊದಲನೆಯವಳು ವಾರದಲ್ಲಿ ಕುಯ್ದದ್ದು 412 ಕೆಜಿ. ಹಿಂದಿನ ವಾರದ ದರ, ಕೆಜಿಗೆ ಐದೂವರೆ ಅಂದರೆ 2,266 ರೂಪಾಯಿ. ಅದರಲ್ಲಿ 3,000 ಹಿಡಿದರೆ ಅವಳೇ ನಮಗೆ 734 ರೂಪಾಯಿ ಕೊಟ್ಟು ಹೋಗಬೇಕು! ಒಂದು ಅರ್ಥ ಹಿಡಿದು ಲೆಕ್ಕ ಮಾಡಿದಾಗ ಹೀಗೆ ಹುಚ್ಚು ಉತ್ತರ ಬಂದರೆ ಆ ಅರ್ಥವೇ ತಪ್ಪು. ಹಿಂದಿನ ವಾರ ಇವಳದ್ದು 3,500 ಇತ್ತು, 500 ಹಿಡಿದಿದ್ದರು. ಹಾಗಾದರೆ ಇದು ಬಾಕಿ, ಅನುಮಾನ ಇಲ್ಲ. ಈ ವಾರವೂ 500 ಹಿಡಿಯಬೇಕಾ ಅನ್ನುವುದು ಮಾತ್ರ ಉಳಿಯಿತು.

ಎಂಟರಲ್ಲಿ ಮೂರು ಹೀಗೆ ಹೋದವು. ಉಳಿದದ್ದು ಐದು.

ಉಳಿದದ್ದನ್ನು ಯಾವ ಕಡೆಗೆ ವಾಲಿಸುವುದು

ಉತ್ತರ ಎಲ್ಲೂ ಸಿಗದಿದ್ದಾಗ ನಾನು ನೋಡುವುದು ಎರಡೇ. ಮೊದಲು, ಈ ಮನುಷ್ಯರಲ್ಲಿ ನಡೆದು ಬಂದ ಪದ್ಧತಿ ಏನು. ಪದ್ಧತಿ ಇಲ್ಲದಿದ್ದರೆ, ತಪ್ಪಾದರೆ ಯಾವುದನ್ನು ಆಮೇಲೆ ಸರಿಮಾಡುವುದು ಸುಲಭ.

ಮುಂಗಡಕ್ಕೆ ಪದ್ಧತಿ ಇದೆ: ಹಿಂದಿನ ವಾರ ತಲಾ 500. ಅದನ್ನೇ ಇಟ್ಟೆ. ಜೊತೆಗೆ, ಹಿಡಿತ ಯಾರ ವಾರದ ಕೂಲಿಯಲ್ಲೂ ಅರ್ಧ ದಾಟದ ಹಾಗೆ ಸೂತ್ರದಲ್ಲೇ ಕಟ್ಟು ಹಾಕಿದೆ. 2019ರ ವೇತನ ಸಂಹಿತೆ ಹೇಳುವುದೂ ಅದನ್ನೇ, ಒಟ್ಟು ಹಿಡಿತ ಕೂಲಿಯ ಶೇ. 50 ಮೀರಬಾರದು. ಇಂಥದ್ದನ್ನು ಮಾಲೀಕರು ಹೇಳಲಿ ಅಂತ ಕಾಯಬೇಕಿಲ್ಲ.

ಚೀಲದ ತೂಕಕ್ಕೂ ಪದ್ಧತಿ ಇದೆ. ಹಿಂದಿನ ವಾರಗಳಲ್ಲಿ ಕಳೆದಿಲ್ಲ. ನಾನೂ ಕಳೆಯಲಿಲ್ಲ. (ಹಳೇ ಪೆಟ್ಟು ನೆನಪಿದೆ.)

ಬುಧವಾರ ಒಬ್ಬರ ಮುಂದೆ ಕೆಜಿ ಇಲ್ಲ, ಬರೀ ‘½’ ಅಂತ ಇತ್ತು. ಕುಯ್ಲಿನ ಕೊನೆಯಲ್ಲಿ ಗಿಡದ ಬುಡಕ್ಕೆ ಬಿದ್ದ ಹಣ್ಣು ಆಯಲು ಕೆಲವರನ್ನು ದಿನಗೂಲಿಗೆ ಹಾಕುತ್ತಾರೆ. ಹಾಗಾಗಿ ಅರ್ಧ ದಿನದ ಕೂಲಿ ಅಂತ ತೆಗೆದುಕೊಂಡೆ. ಹಳೇ ಶೀಟಿನಲ್ಲಿ ಅವರ ದಿನಗೂಲಿ 450 ಇತ್ತು, ಅರ್ಧಕ್ಕೆ 225.

ಕಷ್ಟದ್ದು ದರ. ಹಿಂದಿನ ವಾರ ಕೆಜಿಗೆ ಐದೂವರೆ. ಈ ವಾರದ ಐದು ಹಾಳೆಯಲ್ಲಿ ದರದ ಮಾತೇ ಇಲ್ಲ. ಶನಿವಾರದ ಹಾಳೆಯ ಮೂಲೆಯಲ್ಲಿ ಮಾತ್ರ ‘6’ ಅಂತ ಬರೆದು ಸುತ್ತ ಗೆರೆ ಹಾಕಿದ್ದಾರೆ. ಇದಕ್ಕೆ ಮೂರು ಅರ್ಥ ಇರಬಹುದು. ಇಡೀ ವಾರಕ್ಕೆ 6. ಶನಿವಾರದಿಂದ 6. ಅಥವಾ ಅದು ದರವೇ ಅಲ್ಲ, ಆರನೇ ಹಾಳೆ ಅಂತ ಬರೆದದ್ದು. ಕೊನೆಯದನ್ನು ಬೇಗ ಬಿಟ್ಟೆ. ಬೇರೆ ಹಾಳೆಗಳಿಗೆ ನಂಬರ್ ಇಲ್ಲ. ಮೊದಲೆರಡರಲ್ಲಿ ಯಾವುದು? ಕೊನೇ ಸುತ್ತಿನ ಕುಯ್ಲಿನಲ್ಲಿ ಗಿಡದಲ್ಲಿ ಹಣ್ಣು ವಿರಳ. ಅದೇ ದಿನದಲ್ಲಿ ಕಡಿಮೆ ಕೆಜಿ ಆಗುತ್ತೆ, ಆಳು ಬೇರೆ ತೋಟಕ್ಕೆ ಹೋಗದಿರಲಿ ಅಂತ ದರ ಏರಿಸುತ್ತಾರೆ. ಹಾಗಾಗಿ ಏರಿಸಿರುವುದಂತೂ ನಿಜ ಇರಬೇಕು. ಬರೆದ ಹಾಳೆ ಶನಿವಾರದ್ದು, ಆದ್ದರಿಂದ ಶನಿವಾರಕ್ಕೆ ಮಾತ್ರ 6, ಉಳಿದ ದಿನಕ್ಕೆ ಐದೂವರೆ ಅಂತ ಇಟ್ಟೆ.

ಕಡಿಮೆ ಕೊಟ್ಟು ಆಮೇಲೆ ಹೆಚ್ಚು ಸೇರಿಸುವುದು ಸುಲಭ. ಕೈಗೆ ಕೊಟ್ಟ ಕೂಲಿಯನ್ನು ವಾಪಸ್ ಕೇಳುವುದು ಯಾರಿಂದಲೂ ಆಗಲ್ಲ. ಆದರೆ ಈ ವಾದ ಎಲ್ಲ ಕಡೆ ನಡೆಯಲ್ಲ. ಕುಯ್ಲಿಗೆ ಅಂತ ದೂರದಿಂದ ಬಂದ ಸಂಸಾರ ಭಾನುವಾರವೇ ಊರಿಗೆ ಹೊರಟಿದ್ದರೆ ಅವರಿಗೆ ಕಡಿಮೆ ಕೊಟ್ಟದ್ದು ಕಡಿಮೆಯಾಗಿಯೇ ಉಳಿಯುತ್ತದೆ. ನನ್ನ ಪಟ್ಟಿಯಲ್ಲಿ ಹೊರಡುವವರು ಯಾರೂ ಇದ್ದಂತೆ ಕಾಣಲಿಲ್ಲ. ಒಬ್ಬರನ್ನು ಬಿಟ್ಟು.

ಆ ಒಬ್ಬರೇ ಐದನೆಯದು. ಒಂದು ಹೆಸರಿನ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದೆ. ಸೋಮವಾರದಿಂದ ಗುರುವಾರದವರೆಗೆ ತೂಕ ಇದೆ, 280 ಕೆಜಿ, 1,540 ರೂಪಾಯಿ. ಶುಕ್ರ, ಶನಿ ಖಾಲಿ. ದುಡ್ಡು ತೆಗೆದುಕೊಂಡು ಕೆಲಸ ಬಿಟ್ಟರೋ, ಜ್ವರ ಬಂದು ಮಲಗಿದ್ದಾರೋ? ಗೆರೆ ಇದೆ ಅಂತ ಸಾಲು ತೆಗೆದುಬಿಟ್ಟರೆ ಬಟವಾಡೆಯಲ್ಲಿ ಅವರ ಹೆಸರೇ ಕೂಗುವುದಿಲ್ಲ, ಮಾಲೀಕರ ಕಣ್ಣಿಗೂ ಬೀಳಲ್ಲ. ಸಾಲು ಇಟ್ಟರೆ ಕೂಗುವಾಗ ಯಾರಾದರೂ ‘ಅವ್ನು ಹೋದ’ ಅನ್ನುತ್ತಾರೆ, ಆ ದುಡ್ಡು ಕೊಡುವುದಿಲ್ಲ, ಅಷ್ಟೇ. ಇಟ್ಟೆ.

ಅಂದುಕೊಂಡಿದ್ದಕ್ಕೆ ಒಂದೊಂದು ಮನೆ

ಇದು ಕಂಪ್ಯೂಟರ್ ಕೆಲಸ, ಆದರೆ ಉಪಾಯದ ಅರ್ಧ ಭಾಗ ಇಲ್ಲೇ ಇದೆ. ದರವನ್ನು ಹದಿನಾಲ್ಕು ಸಾಲಿನ ಸೂತ್ರದೊಳಗೆ 5.5 ಅಂತ ಟೈಪ್ ಮಾಡಿದರೆ ಬೆಳಿಗ್ಗೆ ಮಾಲೀಕರು ‘6 ಹಾಕು’ ಅಂದಾಗ ಹದಿನಾಲ್ಕು ಕಡೆ ತಿದ್ದಬೇಕು. ಒಂದು ಮರೆತುಹೋಗುತ್ತದೆ. ಅದರ ಬದಲು `Dara` ಅಂತ ಒಂದು ಚಿಕ್ಕ ಶೀಟ್ ಮಾಡಿ ಅಂದುಕೊಂಡ ಪ್ರತಿ ಸಂಖ್ಯೆಯನ್ನೂ ಅಲ್ಲಿ ಒಂದೊಂದು ಮನೆಯಲ್ಲಿ, ಅಂದರೆ ಸೆಲ್‌ನಲ್ಲಿ, ಒಂದೇ ಸಲ ಬರೆಯಿರಿ. ನನ್ನದು ಹೀಗಿತ್ತು: B2ನಲ್ಲಿ ಸೋಮ–ಶುಕ್ರ ದರ 5.5, B3ನಲ್ಲಿ ಶನಿವಾರದ ದರ 6, B4ನಲ್ಲಿ ಚೀಲಕ್ಕೆ ಕಳೆಯುವುದು 0, B5ನಲ್ಲಿ ವಾರದ ಮುಂಗಡ ಹಿಡಿತ 500, B6ನಲ್ಲಿ ದಿನಗೂಲಿ 450.

ಮುಖ್ಯ ಶೀಟಿನಲ್ಲಿ B ಯಿಂದ F ವರೆಗೆ ಸೋಮ–ಶುಕ್ರದ ತೂಕ, G ಶನಿವಾರದ್ದು, H ದಿನಗೂಲಿಯ ದಿನ, I ಮುಂಗಡದ ಬಾಕಿ. J ಒಟ್ಟು ಕೂಲಿ, K ಹಿಡಿತ, L ಕೈಗೆ ಕೊಡುವುದು.

```
J2: =(SUM(B2:F2)-COUNT(B2:F2)*Dara!B4)*Dara!B2
     +(G2-COUNT(G2)*Dara!B4)*Dara!B3
     +H2*Dara!B6
K2: =MIN(N(I2),Dara!B5,J2/2)
L2: =J2-K2
```

ಚೀಲಕ್ಕೆ ಸೊನ್ನೆ ಇಟ್ಟಿದ್ದರೂ ಅದಕ್ಕೊಂದು ಮನೆ ಕೊಟ್ಟಿದ್ದೇನೆ ನೋಡಿ. ನಾಳೆ ‘ಒಂದು ಕೆಜಿ ಕಳಿ’ ಅಂದರೆ ಸೊನ್ನೆಯನ್ನು ಒಂದು ಮಾಡಿದರೆ ಸಾಕು. `COUNT` ಎಷ್ಟು ದಿನ ತೂಕ ಹಾಕಿಸಿದ್ದಾರೆ ಅಂತ ಎಣಿಸುತ್ತದೆ.

K2 ನಲ್ಲಿ ಇರುವ `N(I2)` ಬಗ್ಗೆ ಒಂದು ಮಾತು. ಮೊದಲು ನಾನು ಬರೀ `I2` ಅಂತ ಬರೆದಿದ್ದೆ. ಒಟ್ಟು ಹಿಡಿತ 7,000 ಅಂತ ಬಂತು. ಮುಂಗಡ ತೆಗೆದುಕೊಂಡವರು ಮೂರೇ ಜನ, ತಲಾ 500 ಅಂದರೆ 1,500 ಬರಬೇಕು. 7,000 ಅಂದರೆ ಹದಿನಾಲ್ಕು ಜನಕ್ಕೂ 500 ಹಿಡಿದಂತಾಯಿತು. `MIN` ಖಾಲಿ ಮನೆಯನ್ನು ಸೊನ್ನೆ ಅಂತ ತೆಗೆದುಕೊಳ್ಳಲ್ಲ, ಲೆಕ್ಕಕ್ಕೇ ಸೇರಿಸಲ್ಲ. ಆಗ ಉಳಿದದ್ದರಲ್ಲಿ ಚಿಕ್ಕದು 500. `N` ಹಾಕಿದರೆ ಖಾಲಿ ಮನೆ ಸೊನ್ನೆ ಆಗುತ್ತದೆ. ಇದನ್ನು ಹೇಳಿದ್ದು ಯಾಕೆ ಅಂದರೆ, ಸೂತ್ರದ ತಪ್ಪೂ ಒಂದು ಥರದಲ್ಲಿ ನಾವು ಅಂದುಕೊಂಡಿದ್ದೇ, ಆದರೆ ಅಂದುಕೊಂಡಿದ್ದೇವೆ ಅಂತ ನಮಗೇ ಗೊತ್ತಿರಲ್ಲ. ಅದು ಪಟ್ಟಿಗೆ ಬರುವುದಿಲ್ಲ. ಅದಕ್ಕೇ ಕಳಿಸುವ ಮುಂಚೆ ಪ್ರತಿ ಕಾಲಂನ ಮೊತ್ತವನ್ನೂ ಬಾಯಿಲೆಕ್ಕದಲ್ಲಿ ಒಮ್ಮೆ ತಾಳೆ ನೋಡಬೇಕು.

ತಾಳೆ ಹೀಗೆ. ವಾರದ ಒಟ್ಟು 6,240 ಕೆಜಿ, ಅದರಲ್ಲಿ ಶನಿವಾರದ್ದು 980. ಎಲ್ಲಕ್ಕೂ ಐದೂವರೆ ಅಂದರೆ 34,320. ಶನಿವಾರಕ್ಕೆ ಅರ್ಧ ರೂಪಾಯಿ ಜಾಸ್ತಿ, 490. ಸೇರಿ 34,810. ಅರ್ಧ ದಿನದ ಕೂಲಿ 225 ಸೇರಿಸಿದರೆ 35,035. ಹಿಡಿತ 1,500 ಹೋಗಿ ಕೈಗೆ 33,535. ಶೀಟೂ ಅದನ್ನೇ ಹೇಳಿತು.

ಪಟ್ಟಿ ಬರೆಯುವುದು

ಈಗ ಮೆಸೇಜ್. ಇಲ್ಲಿ ಜಾರುವುದು ಸುಲಭ. ‘ಕೆಜಿಗೆ 6 ಇಡೀ ವಾರಕ್ಕಾ ಅಣ್ಣ? ನಾನು ಐದೂವರೆ ಹಾಕಿದ್ದೀನಿ, ಸರಿನಾ?’ ಅಂತ ಬರೆದರೆ ಅದು ಪ್ರಶ್ನೆಯೇ. ಕೇಳಬೇಡ ಅಂದವರಿಗೆ ಪ್ರಶ್ನೆಯನ್ನೇ ಬೇರೆ ಅಂಗಿ ಹಾಕಿಸಿ ಕಳಿಸಿದಂತೆ. ಓದಿದವರು ಉತ್ತರ ಕೊಡಲೇಬೇಕು, ಇಲ್ಲದಿದ್ದರೆ ಕೆಲಸ ಮುಗಿದಿಲ್ಲ ಅನ್ನುವ ಭಾವನೆ ಬರುತ್ತದೆ. ಪಟ್ಟಿಯ ಸಾಲು ಹಾಗಿರಬಾರದು. ಅವರು ಒಂದಕ್ಕೂ ಉತ್ತರ ಕೊಡದೆ ಹೋದರೂ ಬಟವಾಡೆ ನಡೆಯಬೇಕು.

ಒಂದು ಸಾಲಿನಲ್ಲಿ ನಾನು ಬರೆಯುವುದು: ಏನು ಅಂದುಕೊಂಡೆ, ಯಾಕೆ, ಅದು ತಪ್ಪಾದರೆ ಎಷ್ಟು ರೂಪಾಯಿ ವ್ಯತ್ಯಾಸ. ಕೊನೆಯದೇ ಮುಖ್ಯ. ರೂಪಾಯಿ ಬರೆಯದಿದ್ದರೆ ಐದೂ ಸಾಲು ಒಂದೇ ತೂಕದ್ದಾಗಿ ಕಾಣುತ್ತವೆ. ರೂಪಾಯಿ ಬರೆದರೆ ಗೇಟಿನ ಹತ್ತಿರ ಜೀಪು ನಿಲ್ಲಿಸಿ ಫೋನ್ ನೋಡುವವರಿಗೆ ಯಾವುದನ್ನು ಓದಬೇಕು, ಯಾವುದನ್ನು ಬಿಡಬಹುದು ಅಂತ ತಕ್ಷಣ ತಿಳಿಯುತ್ತದೆ. ದೊಡ್ಡ ಮೊತ್ತದ್ದು ಮೇಲೆ.

ನಾನು ಕಳಿಸಿದ್ದು ಇದು:

‘ಅಣ್ಣ, ಬಟವಾಡೆ ಲೆಕ್ಕ ಕಳಿಸಿದ್ದೇನೆ. 14 ಜನ, ಕೈಗೆ ಕೊಡುವುದು ಒಟ್ಟು ₹33,535. ಹಾಗೇ ಕೊಡಬಹುದು. ಕೆಳಗಿನದ್ದು ನಾನು ಅಂದುಕೊಂಡು ಮಾಡಿದ್ದು, ಬೇರೆ ಇದ್ದರೆ ನಂಬರ್ ಅಷ್ಟೇ ಹೇಳಿ, ತಿದ್ದಿ ಕಳಿಸುತ್ತೇನೆ.

1. ದರ ಸೋಮ–ಶುಕ್ರ 5.50, ಶನಿವಾರ 6. ‘6’ ಅಂತ ಶನಿವಾರದ ಹಾಳೆಯಲ್ಲಿ ಮಾತ್ರ ಇದೆ. ಇಡೀ ವಾರ 6 ಆದರೆ ₹2,630 ಜಾಸ್ತಿ.
2. ಕೆಂಪು ಗೆರೆ ಎಳೆದ ಹೆಸರನ್ನು ಪಟ್ಟಿಯಲ್ಲಿ ಇಟ್ಟಿದ್ದೇನೆ. ಆಗಲೇ ಕೊಟ್ಟಿದ್ದರೆ ₹1,540 ಕಡಿಮೆ.
3. ಮುಂಗಡ ಮೂವರಿಗೆ ತಲಾ 500 ಹಿಡಿದಿದ್ದೇನೆ, ಹೋದ ವಾರದ ಹಾಗೆ. ಹಿಡಿಯದಿದ್ದರೆ ₹1,500 ಜಾಸ್ತಿ.
4. ಚೀಲದ ತೂಕ ಕಳೆದಿಲ್ಲ. ಬುಧವಾರದ ‘½’ ಅರ್ಧ ದಿನದ ಕೂಲಿ, ₹225.

₹38,000 ತಂದರೆ ಇದರಲ್ಲಿ ಯಾವುದು ಬದಲಾದರೂ ಸಾಕಾಗುತ್ತದೆ.’

ನಾಲ್ಕನೆಯದರಲ್ಲಿ ಎರಡು ಸಣ್ಣ ವಿಷಯ ಒಂದೇ ಸಾಲಿಗೆ ಹಾಕಿದ್ದೇನೆ. ಚೀಲಕ್ಕೆ ಒಂದು ಕೆಜಿ ಕಳೆದರೂ 80 ತೂಕಕ್ಕೆ ಸುಮಾರು 450 ರೂಪಾಯಿ, ಅದಕ್ಕೆ ಬೇರೆ ನಂಬರ್ ಬೇಡ. 67 ಅಂತ ಓದಿದ್ದು, ಇಬ್ಬರು ಲಕ್ಷ್ಮಿಯರು, ಇವು ಮೆಸೇಜ್‌ನಲ್ಲಿ ಇಲ್ಲವೇ ಇಲ್ಲ. ನಾವು ಎಷ್ಟು ಕಷ್ಟಪಟ್ಟೆವು ಅಂತ ತೋರಿಸಲು ಆಸೆ ಆಗುತ್ತೆ, ಅದೂ ಮನುಷ್ಯ ಸಹಜ. ಆದರೆ ಹದಿನಾರು ಸಾಲಿನ ಪಟ್ಟಿ ಕಳಿಸಿದರೆ ಮೊದಲನೆಯದನ್ನೂ ಓದಲ್ಲ.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಆ ಕೊನೇ ಸಾಲು ಅಂತ ಈಗ ಅನ್ನಿಸುತ್ತದೆ. ಲೆಕ್ಕ ತಿದ್ದಲು ನನಗೆ ಒಂದು ನಿಮಿಷ ಸಾಕು. ಆದರೆ ನಗದು ತರಲು ಅವರು ತೋಟದಿಂದ ಎಟಿಎಂಗೆ ಬಂದು ಹೋಗಬೇಕು. 33,500 ತಂದು ಕೂತ ಮೇಲೆ ದರ ಬದಲಾದರೆ ನನ್ನ ಸುಂದರ ಶೀಟ್ ಏನು ಮಾಡೀತು? ಅಂದುಕೊಂಡಿದ್ದೆಲ್ಲ ಜಾಸ್ತಿ ಕಡೆಗೆ ತಿರುಗಿದರೆ ಎಷ್ಟಾಗುತ್ತೆ ಅಂತ ಕೂಡಿದೆ. 33,535ಕ್ಕೆ 2,630, 1,500, ಅರ್ಧ ದಿನ ಪೂರ್ತಿ ದಿನವಾದರೆ ಇನ್ನೊಂದು 225 ಸೇರಿಸಿದರೆ 37,890. ಅದನ್ನೇ 38,000 ಅಂದೆ. ಕೇಳದೆ ಕೆಲಸ ಮಾಡುವಾಗ ಉತ್ತರ ಒಂದೇ ಕೊಡಬೇಕು, ತಯಾರಿ ಮಾತ್ರ ದೂರದ ಅಂಚಿನವರೆಗೂ ಇರಬೇಕು.

ಮಾಡಬಾರದ ಒಂದು ಕೆಲಸ

ಅದೇ ವಾಯ್ಸ್ ಮೆಸೇಜ್‌ನ ಕೊನೆಯಲ್ಲಿ, ಹದಿನಾಲ್ಕರಲ್ಲಿ ಇಬ್ಬರಿಗೆ ಬ್ಯಾಂಕಿಗೇ ಹಾಕಿಬಿಡು ಅಂದಿದ್ದರು. ಈ ಹಿಂದೆಯೂ ಅವರ ಹೇಳಿಕೆ ಮೇಲೆ ನನ್ನ ಖಾತೆಯಿಂದ ಹಾಕಿ ಆಮೇಲೆ ಅವರಿಂದ ತೆಗೆದುಕೊಂಡದ್ದಿದೆ. ಈ ಸಲ ಹಾಕಲಿಲ್ಲ. ಆ ಇಬ್ಬರ ಕೂಲಿಯಲ್ಲೂ ದರದ ಅನುಮಾನ ಇತ್ತು. ಹೆಸರು, ಮೊತ್ತ ಎಲ್ಲ ತಯಾರು ಮಾಡಿ ಇಟ್ಟು ‘ಬ್ಯಾಂಕಿನ ಇಬ್ಬರದ್ದು ರೆಡಿ ಇದೆ, ನೀವು ಲೆಕ್ಕ ನೋಡಿದ ಮೇಲೆ ಕಳಿಸುತ್ತೇನೆ’ ಅಂತ ಒಂದು ಸಾಲು ಬೇರೆಯಾಗಿ ಬರೆದೆ.

ಕೇಳಬೇಡ ಅಂದರು, ಮಾಡು ಅಂದರು, ಆದರೂ ಮಾಡಲಿಲ್ಲ. ಇದು ಮೊಂಡುತನ ಅಂತ ಅನ್ನಿಸಬಹುದು. ನನ್ನ ಗೆರೆ ಇಷ್ಟೇ: ಶೀಟಿನಲ್ಲಿ ತಪ್ಪು ಅಂದುಕೊಂಡರೆ ಅಳಿಸಬಹುದು, ಹೋದ ದುಡ್ಡನ್ನು ಅಳಿಸಲು ಆಗಲ್ಲ. ಹಳೇ ಮುಂಗಡದ ಪುಸ್ತಕದಲ್ಲಿ ಬಾಕಿ ತಿದ್ದುವುದು, ಇನ್ನೊಬ್ಬರ ಸಹಿಯ ಜಾಗ ತುಂಬುವುದು, ಇವೂ ಹಾಗೇ. ಅಂಥ ಜಾಗದಲ್ಲಿ ಕೆಲಸದ ಕೊನೇ ಹೆಜ್ಜೆ ಒಂದನ್ನು ಮಾತ್ರ ಬಿಟ್ಟು ಹಿಂದಿನದನ್ನೆಲ್ಲ ಮುಗಿಸಿಡಿ. ಒಂದು ಹೆಜ್ಜೆಗೆ ಅನುಮಾನ ಬಂತು ಅಂತ ಇಡೀ ಕೆಲಸ ನಿಲ್ಲಿಸಿದರೆ ಮತ್ತೆ ಮೊದಲ ಸಲದ ಕಥೆಯೇ, ಕಣದ ಅಂಚಿನಲ್ಲಿ ಜನ.

ಉತ್ತರ ಬಂದ ಮೇಲೆ

ಭಾನುವಾರ ಬೆಳಿಗ್ಗೆ ಆರೂವರೆಗೆ ಒಂದು ವಾಯ್ಸ್ ಮೆಸೇಜ್. ‘ಒಂದು: ಇಡೀ ವಾರ ಆರೇ ಹಾಕು, ಸೋಮವಾರವೇ ಹೇಳಿದ್ದೆ ಅವರಿಗೆ. ಎರಡು: ಗೆರೆ ರೈಟ್ರು ತಪ್ಪಿ ಎಳೆದದ್ದು, ಹುಷಾರಿಲ್ಲದೆ ಮಲಗಿದಾನೆ. ಉಳಿದದ್ದು ಇರ್ಲಿ.’ ಹಿಂದೆ ಜೀಪಿನ ಸದ್ದು.

ನಾನು ಬಲವಾಗಿ ನಂಬಿದ್ದ ದರವೇ ತಪ್ಪಾಗಿತ್ತು. ತಿದ್ದಿದ್ದು ಒಂದೇ ಮನೆ: `Dara` ಶೀಟಿನ B2ನಲ್ಲಿ 5.5 ತೆಗೆದು 6. ಒಟ್ಟು ಕೂಲಿ 37,665 ಆಯಿತು, ಕೈಗೆ 36,165. ನಾನು ಬರೆದ 2,630ರ ವ್ಯತ್ಯಾಸಕ್ಕೆ ಸರಿಹೋಯಿತು. ಸರಿಹೋಗದಿದ್ದರೆ ಎಲ್ಲೋ ಒಂದು ಸಾಲಿನಲ್ಲಿ ದರ ಕೈಯಲ್ಲಿ ಟೈಪ್ ಆಗಿದೆ ಅಂತ ಅರ್ಥ, ಅದನ್ನು ಹುಡುಕದೆ ಕಳಿಸಬಾರದು. ಆ ಮಲಗಿದವರ ಕೂಲಿ 1,540ರಿಂದ 1,680 ಆಯಿತು, ಬ್ಯಾಂಕಿನ ಇಬ್ಬರದ್ದೂ ಆಗಲೇ ಹಾಕಿದೆ.

ಹೊಸ ಫೈಲಿಗೆ ಹೆಸರು ಬದಲಿಸಿ ಕಳಿಸಿ, ಅದೇ ಹೆಸರಿನಲ್ಲಿ ಬೇಡ. ತೋಟದಲ್ಲಿ ಒಬ್ಬರ ಫೋನಿನಲ್ಲಿ ರಾತ್ರಿಯದ್ದು, ಇನ್ನೊಬ್ಬರಲ್ಲಿ ಬೆಳಗಿನದ್ದು ತೆರೆದುಕೊಂಡರೆ ಗಲಾಟೆ. ನಾನು ಹಿಂದಿನ ಮೆಸೇಜ್ ಅಳಿಸಲ್ಲ, ಹೊಸದರ ತಲೆಯಲ್ಲಿ ‘ಇದೇ ಕೊನೆಯದು, ಬೆಳಿಗ್ಗೆ 6.40’ ಅಂತ ಬರೆದು, ಬದಲಾದದ್ದನ್ನು ಒಂದು ಸಾಲಿನಲ್ಲಿ ಹೇಳುತ್ತೇನೆ: ‘ದರ ಇಡೀ ವಾರ 6. ಬೇರೇನೂ ಬದಲಾಗಿಲ್ಲ.’

ಆಮೇಲೆ ಅಂಗಡಿಯ ನೋಟ್‌ಬುಕ್ಕಿನಲ್ಲಿ ಆ ತೋಟಕ್ಕೆ ಅಂತ ಒಂದು ಪುಟ. ಚೀಲದ ತೂಕ ಕಳೆಯುವುದಿಲ್ಲ. ½ ಅಂದರೆ ಅರ್ಧ ದಿನದ ಕೂಲಿ. ಮುಂಗಡ ವಾರಕ್ಕೆ 500. ಮೂಲೆಯಲ್ಲಿ ಗೆರೆ ಹಾಕಿ ಬರೆದ ಸಂಖ್ಯೆ ಇಡೀ ವಾರದ ದರ. ಇವಕ್ಕೆ ಮುಂದಿನ ವಾರದಿಂದ ಪಟ್ಟಿಯಲ್ಲಿ ಜಾಗ ಇಲ್ಲ. ಆದರೆ ‘ಉಳಿದದ್ದು ಇರ್ಲಿ’ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪಿಗೆ ಅಂತ ಬರೆದುಕೊಳ್ಳಲ್ಲ. ಅವರು ಓದಿ ಹೇಳಿದರೋ, ಜೀಪು ಓಡಿಸುತ್ತಾ ಹೇಳಿದರೋ ಯಾರಿಗೆ ಗೊತ್ತು. ಮುಂಗಡದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟೆ, ಇನ್ನೊಂದು ವಾರ ಪಟ್ಟಿಯಲ್ಲಿ ಇರಲಿ ಅಂತ. ಕುಯ್ಲು ಮುಗಿದು ಮಾರ್ಚ್ ದಾಟಿದ ಮೇಲೆ ಇಡೀ ಪುಟಕ್ಕೆ ಅಡ್ಡಗೆರೆ. ಆಮೇಲೆ ಬರುವುದು ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ, ಕಳೆ, ಗೊಬ್ಬರದ ದಿನಗೂಲಿ, ಕೆಜಿಯ ಮಾತೇ ಇರಲ್ಲ.

ಮುಂದಿನ ಶನಿವಾರ ಮತ್ತೆ ಆರು ಫೋಟೊ ಬಂದವು. ಅದೇ ಮಾತು, ಏನೂ ಕೇಳ್ಬೇಡ. ಹಾಳೆಯ ಮೂಲೆಯಲ್ಲಿ ಈ ಸಲ ಯಾವ ಸಂಖ್ಯೆಯೂ ಇರಲಿಲ್ಲ. ಪಟ್ಟಿಯಲ್ಲಿ ಎರಡೇ ಸಾಲು ಹೋಯಿತು: ದರ 6, ಹೋದ ವಾರದ ಹಾಗೆ. ಮುಂಗಡ ತಲಾ 500.